ಪೇಪರಿನಲ್ಲಿ ಹೆಸರು ಬಿಟ್ಟುಹೋದಾಗ: ಜೊತೆಗಾರನೊಂದಿಗೆ ಏನು ಮಾತಾಡಬೇಕು, ಯಾವಾಗ, ಹೇಗೆ

ವಿಭಾಗದ ಸೋಮವಾರದ ಸೆಮಿನಾರಿನಲ್ಲಿ ಗಿರೀಶ ಪರದೆಯ ಮೇಲೆ ಪಾವಗಡ ತಾಲ್ಲೂಕಿನ ನಕ್ಷೆಯೊಂದನ್ನು ತೋರಿಸಿದ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಲ್ಲಿ ಎಷ್ಟಿದೆ ಎಂಬುದನ್ನು ಹಳದಿಯಿಂದ ಕಡುಗೆಂಪಿನವರೆಗೆ ಬಣ್ಣ ಹಾಕಿ ತೋರಿಸುವ ಚಂದದ ನಕ್ಷೆ. "ಈ ಪೇಪರ್ ಹದಿನೈದು ದಿನದ ಹಿಂದೆ ಜರ್ನಲ್‌ಗೆ ಹೋಗಿದೆ" ಎಂದ. ಮೊದಲ ಸ್ಲೈಡಿನಲ್ಲಿ ಎರಡು ಹೆಸರಿದ್ದವು: ಅವನದು, ಗೈಡ್‌ರದು. ಕೊನೆಯ ಸ್ಲೈಡಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು: ಸ್ಯಾಂಪಲ್ ಸಂಗ್ರಹಣೆಯಲ್ಲಿ ನೆರವಾದ ಸುಮಾ ಅವರಿಗೆ ಧನ್ಯವಾದಗಳು. ಎರಡನೇ ಸಾಲಿನಲ್ಲಿ ಕೂತಿದ್ದ ಸುಮಾಗೆ ಆ ನಕ್ಷೆಯ ಪ್ರತಿ ಚುಕ್ಕೆಯೂ ಯಾವ ಊರಿನ ಯಾವ ಬೋರ್‌ವೆಲ್ ಎಂದು ಗೊತ್ತಿತ್ತು.

ಸುಮಾ, ಗಿರೀಶ ಎಂಬುವು ನಾನಿಟ್ಟ ಹೆಸರುಗಳು. ವಿವರಣೆಗಾಗಿ ಈ ಪ್ರಕರಣವನ್ನು ಕಟ್ಟಿಕೊಂಡಿದ್ದೇನೆ. ಪಿಎಚ್.ಡಿ. ಮಾಡಿದವರಿಗೆ ಇದರ ಒಂದಲ್ಲ ಒಂದು ತುಣುಕು ಪರಿಚಿತವೇ ಆಗಿರುತ್ತದೆ. ಇಬ್ಬರೂ ಒಂದೇ ಬ್ಯಾಚಿನವರು, ಒಬ್ಬರೇ ಗೈಡ್. ಸುಮಾ 60 ಬೋರ್‌ವೆಲ್‌ಗಳನ್ನು ಆರಿಸಿ, ಮಳೆಗಾಲಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ, ಒಟ್ಟು 120 ಸ್ಯಾಂಪಲ್ ತಂದವಳು. ಪಂಪ್ ಹಾಕಿಸಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹರಿದುಹೋಗುವವರೆಗೆ ಕಾದು, ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಸಿಕೊಂಡು ಬಂದಿದ್ದಳು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಗಾಜಿನ ಬಾಟಲಿ ಬಳಸುವಂತಿಲ್ಲ. ಲ್ಯಾಬ್‌ಗೆ ಬಂದು ಎಲೆಕ್ಟ್ರೋಡ್‌ನಲ್ಲಿ ಅಳೆದದ್ದೂ ಅವಳೇ. ಆ ಅಂಕಿಗಳನ್ನು ತೆಗೆದುಕೊಂಡು ನಕ್ಷೆ ಮಾಡಿದ್ದು, ಸಂಖ್ಯಾಶಾಸ್ತ್ರದ ವಿಶ್ಲೇಷಣೆ ಮಾಡಿದ್ದು, ಪೇಪರಿನ ಬಹುಭಾಗ ಬರೆದದ್ದು ಗಿರೀಶ. ಕೆಲಸ ಇಬ್ಬರದು, ಹೆಸರು ಒಬ್ಬರದು.

ಇದು ಬರಿಯ ಮನಸ್ಸಿನ ನೋವಿನ ವಿಷಯವಲ್ಲ, ಕೈಗೆ ಸಿಗುವ ಲೆಕ್ಕವೂ ಇದೆ. ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಅಧ್ಯಾಪಕರ ನೇಮಕಾತಿಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಲ್ಲಿ ವಿಜ್ಞಾನದ ಒಂದು ಪೇಪರಿಗೆ 8 ಮೂಲ ಅಂಕ. ಇಬ್ಬರೇ ಲೇಖಕರಿದ್ದರೆ ಇಬ್ಬರಿಗೂ ತಲಾ ಶೇ. 70. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ ಮೂವರಿದ್ದಾಗ ಮೊದಲ ಹೆಸರಿಗೆ 5.6, ನಂತರದ ಹೆಸರಿಗೆ 2.4. ಧನ್ಯವಾದದ ಸಾಲಿನಲ್ಲಿರುವವರಿಗೆ ಸೊನ್ನೆ. "ಒಂದು ಹೆಸರಿಗೆ ಇಷ್ಟೊಂದು ರಂಪ ಯಾಕಮ್ಮಾ" ಎನ್ನುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಸೆಮಿನಾರ್ ಮುಗಿದ ಕೂಡಲೇ ಸುಮಾ ಮಾಡಬಹುದಾದ ದೊಡ್ಡ ತಪ್ಪೆಂದರೆ ಅಲ್ಲೇ ಎದ್ದುನಿಂತು ಕೇಳುವುದು. ಎಲ್ಲರೆದುರು ಕೇಳಿದರೆ ಗಿರೀಶ ತನ್ನ ಮಾನ ಉಳಿಸಿಕೊಳ್ಳಲು ಏನೋ ಒಂದು ಸಮಜಾಯಿಷಿ ಹೇಳುತ್ತಾನೆ. ಒಮ್ಮೆ ನಾಲ್ಕು ಜನರ ಮುಂದೆ ಹೇಳಿದ್ದನ್ನು ಆಮೇಲೆ ಹಿಂತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ. ಅಷ್ಟೇ ದೊಡ್ಡ ಇನ್ನೊಂದು ತಪ್ಪೆಂದರೆ ಸುಮ್ಮನಾಗಿಬಿಡುವುದು. ಪೇಪರ್ ಕಳಿಸುವ ಮುಂಚೆ ಲೇಖಕರ ಪಟ್ಟಿ ತಿದ್ದಲು ಒಂದು ಮಾತು ಸಾಕು. ಕಳಿಸಿದ ಮೇಲೆ ಸಂಪಾದಕರಿಗೆ ಪತ್ರ ಬೇಕು. ಅಚ್ಚಾದ ಮೇಲೆ ತಿದ್ದುಪಡಿಯನ್ನೇ ಪ್ರಕಟಿಸಬೇಕು. ಈಗ ಪೇಪರ್ ವಿಮರ್ಶಕರ ಕೈಯಲ್ಲಿದೆ. ಆ ಹಂತ ಕೆಲವು ವಾರವೂ ಇರಬಹುದು, ಕೆಲವು ತಿಂಗಳೂ ಇರಬಹುದು. ಹಾಗಾಗಿ ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ ಕಳೆಯಲಿ. ಅದಕ್ಕಿಂತ ಮುಂದೂಡುವುದು ಬೇಡ.

ಆ ಎರಡು ದಿನದಲ್ಲಿ ಮಾಡಬೇಕಾದ ಕೆಲಸ ಒಂದೇ. ತಲೆಯೊಳಗೆ ಒಟ್ಟಿಗೆ ಗೋಜಲಾಗಿರುವ ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ನಾನು ಈ ಪೇಪರಿನ ಲೇಖಕಿಯೇ? ಆಗಿದ್ದರೆ ಎಷ್ಟನೇ ಹೆಸರು? ಅವನು ಬೇಕೆಂದೇ ಹೀಗೆ ಮಾಡಿದನೇ? ಮೊದಲನೆಯದಕ್ಕೆ ನಿಯಮವಿದೆ. ಎರಡನೆಯದಕ್ಕೆ ರೂಢಿಯಿದೆ, ಮಾತುಕತೆಗೆ ಜಾಗವಿದೆ. ಮೂರನೆಯದಕ್ಕೆ ಉತ್ತರ ಗಿರೀಶನ ಮನಸ್ಸಿನೊಳಗಿದೆ, ಅದನ್ನು ಯಾರೂ ತೆರೆದು ನೋಡಲಾಗದು. ಹೆಚ್ಚಿನ ಜಗಳಗಳು ಕೆಡುವುದು ಮೂರನೆಯ ಪ್ರಶ್ನೆಯಿಂದ ಶುರುಮಾಡುವುದರಿಂದಲೇ. ಅವನ ತಪ್ಪೊಪ್ಪಿಗೆ ಸುಮಾಗೆ ಬೇಕಿಲ್ಲ, ಪಟ್ಟಿಯ ತಿದ್ದುಪಡಿ ಬೇಕು. ಮೂರನೆಯದನ್ನು ಪೂರ್ತಿ ಕೈಬಿಟ್ಟರೂ ಮೊದಲೆರಡು ಇತ್ಯರ್ಥವಾಗುತ್ತವೆ.

ಯಾರು ಲೇಖಕರು ಎಂಬುದಕ್ಕೆ ಹೆಚ್ಚು ಬಳಕೆಯಲ್ಲಿರುವ ಅಳತೆ ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯದು, ಐಸಿಎಂಜೆಇ ಎನ್ನುತ್ತಾರೆ. ವೈದ್ಯಕೀಯಕ್ಕೆಂದು ಹುಟ್ಟಿದರೂ ಬೇರೆ ವಿಜ್ಞಾನಗಳ ಎಷ್ಟೋ ಜರ್ನಲ್‌ಗಳು ಇದನ್ನೇ ಅನುಸರಿಸುತ್ತವೆ. ಅದು ಕೇಳುವುದು ನಾಲ್ಕು. ಅಧ್ಯಯನದ ಯೋಚನೆ, ದತ್ತಾಂಶ ಸಂಗ್ರಹ, ವಿಶ್ಲೇಷಣೆ ಇವುಗಳಲ್ಲಿ ಯಾವುದಾದರೊಂದರಲ್ಲಿ ಗಣನೀಯ ಪಾಲು ಇರಬೇಕು. ಪೇಪರನ್ನು ಬರೆದಿರಬೇಕು, ಇಲ್ಲವೇ ತಿರುಳು ಮುಟ್ಟಿ ತಿದ್ದಿರಬೇಕು. ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಪೇಪರಿನ ಬಗ್ಗೆ ಪ್ರಶ್ನೆ ಬಂದರೆ ಉತ್ತರ ಕೊಡುವ ಹೊಣೆ ಹೊರಬೇಕು. ನಾಲ್ಕೂ ಇದ್ದವರು ಲೇಖಕರು, ಕೆಲವಷ್ಟೇ ಇದ್ದವರು ಧನ್ಯವಾದಕ್ಕೆ.

ಇಲ್ಲೊಂದು ಬಲೆಯಿದೆ. ಗಿರೀಶ ಕೊನೆಯ ಕರಡನ್ನು ಸುಮಾಗೆ ತೋರಿಸಲೇ ಇಲ್ಲ. ಹಾಗಾದರೆ ಅವಳು ಒಪ್ಪಿಗೆ ಕೊಟ್ಟಿಲ್ಲ, ಮೂರನೆಯ ಷರತ್ತು ತುಂಬಲಿಲ್ಲ, ಆದ್ದರಿಂದ ಲೇಖಕಿಯಲ್ಲ ಎಂದು ವಾದಿಸಬಹುದಲ್ಲ? ನಿಯಮ ಬರೆದವರು ಈ ಕಳ್ಳದಾರಿಯನ್ನು ಮುಂಚೆಯೇ ಊಹಿಸಿ ಮುಚ್ಚಿದ್ದಾರೆ. ಬರೆಯುವ, ತಿದ್ದುವ ಅಥವಾ ಒಪ್ಪಿಗೆ ಕೊಡುವ ಅವಕಾಶವನ್ನೇ ಕೊಡದೆ, ಉಳಿದಂತೆ ಅರ್ಹರಾದವರನ್ನು ಹೊರಗಿಡಲು ಈ ಷರತ್ತುಗಳನ್ನು ಬಳಸಬಾರದು ಎಂದು ಅದೇ ಮಾರ್ಗಸೂಚಿಯಲ್ಲಿ ಬರೆದಿದೆ. ಫೀಲ್ಡ್ ಕೆಲಸ ಮಾಡಿದವರಿಗೆ ಇಡೀ ದಾಖಲೆಯಲ್ಲಿ ಇದಕ್ಕಿಂತ ಉಪಯುಕ್ತವಾದ ವಾಕ್ಯ ಇನ್ನೊಂದಿಲ್ಲ. ನಮ್ಮಲ್ಲಿ ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಫೀಲ್ಡ್‌ಗೆ ಹೋದವರದೇ, ಅದೂ ಹೆಚ್ಚಾಗಿ ಕೊನೆಯ ಕರಡಿನ ಹೊತ್ತಿನಲ್ಲೇ. ಧನ್ಯವಾದ ಹೇಳುವುದಕ್ಕೂ ಆ ವ್ಯಕ್ತಿಯಿಂದ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಸುಮಾಳನ್ನು ಯಾರೂ ಕೇಳಿರಲಿಲ್ಲ.

ಇನ್ನು ಯಾರು ಯಾವ ಪಾಲು ಮಾಡಿದರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಕ್ರೆಡಿಟ್ ಎಂಬ ಪಟ್ಟಿ ಇದಕ್ಕೆ ಅನುಕೂಲ. ಸಂಶೋಧನೆಯ ಕೆಲಸವನ್ನು ಅದು 14 ಪಾತ್ರಗಳಾಗಿ ಒಡೆಯುತ್ತದೆ: ಮೂಲ ಯೋಚನೆ, ವಿಧಾನ, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಚಿತ್ರಗಳು, ಮೊದಲ ಕರಡು, ತಿದ್ದುವಿಕೆ, ಮೇಲ್ವಿಚಾರಣೆ ಹೀಗೆ. ಅನೇಕ ಜರ್ನಲ್‌ಗಳು ಪೇಪರಿನ ಕೊನೆಯಲ್ಲಿ ಇದನ್ನು ಅಚ್ಚು ಹಾಕುತ್ತವೆ. ಹದಿನಾಲ್ಕೂ ಬೇಕಿಲ್ಲ, ತಮಗೆ ಸಂಬಂಧಿಸಿದ ಆರೇಳು ಸಾಕು. ಪ್ರತಿ ಪಾತ್ರದ ಮುಂದೆ ಯಾರು ಎಂದು ಬರೆದು, ಅದರ ಮುಂದೆ ಸಾಕ್ಷಿ ಏನು ಎಂದು ಬರೆಯಬೇಕು.

ಸುಮಾಳ ಹಾಳೆ ಹೀಗಾಯಿತು. ಬೋರ್‌ವೆಲ್‌ಗಳ ಆಯ್ಕೆ: ಸುಮಾ, ಮಾರ್ಚ್‌ನಲ್ಲಿ ಗೈಡ್‌ಗೆ ಕಳಿಸಿದ ಮೇಲ್‌ನಲ್ಲಿ 60 ಊರುಗಳ ಪಟ್ಟಿಯಿದೆ. ಸಂಗ್ರಹ: ಸುಮಾ, ಫೀಲ್ಡ್ ಪುಸ್ತಕದಲ್ಲಿ ತಾರೀಖು, ಅಕ್ಷಾಂಶ ರೇಖಾಂಶ, ಸ್ಥಳದಲ್ಲೇ ತೆಗೆದ ಪಿಎಚ್ ಅಳತೆ. ಫ್ಲೋರೈಡ್ ಮಾಪನ: ಸುಮಾ, ಲ್ಯಾಬ್‌ನ ರಿಜಿಸ್ಟರಿನಲ್ಲಿ ಎಲೆಕ್ಟ್ರೋಡನ್ನು ಪ್ರತಿದಿನ ಪ್ರಮಾಣಿತ ದ್ರಾವಣಕ್ಕೆ ಹೊಂದಿಸಿದ ನಮೂದು, ಅವಳ ಸಹಿ. ವಿಧಾನದ ಭಾಗ ಬರೆದದ್ದು: ಸುಮಾ, ಹಂಚಿಕೊಂಡ ಗೂಗಲ್ ಡಾಕ್ಸ್ ಕಡತದ Version history ತೆರೆದರೆ ಮೂರು ಪ್ಯಾರಾ ಅವಳ ಖಾತೆಯಿಂದ ಬಂದದ್ದು ಬಣ್ಣದಲ್ಲಿ ಕಾಣುತ್ತದೆ. ನಕ್ಷೆ: ಗಿರೀಶ. ಸಂಖ್ಯಾಶಾಸ್ತ್ರ: ಗಿರೀಶ. ಪೀಠಿಕೆ ಮತ್ತು ಚರ್ಚೆ: ಗಿರೀಶ. ಎರಡು ಋತುಗಳಲ್ಲೂ ಸ್ಯಾಂಪಲ್ ತರಬೇಕೆಂಬ ಯೋಚನೆ: ಸುಮಾಳದೇ ಎಂದು ಅವಳ ನೆನಪು, ಆದರೆ ಅದು ಕ್ಯಾಂಟೀನಿನಲ್ಲಿ ಆಡಿದ ಮಾತು, ಸಾಕ್ಷಿಯಿಲ್ಲ.

ಆ ಕೊನೆಯ ಸಾಲನ್ನು ಅವಳು ಏನು ಮಾಡುತ್ತಾಳೆ ಎಂಬುದರ ಮೇಲೆ ಮುಂದಿನದು ನಿಂತಿದೆ. ಸಾಕ್ಷಿಯಿಲ್ಲದ್ದನ್ನು ಮುಂದಿಟ್ಟರೆ ಇಡೀ ಮಾತುಕತೆ ಅದೊಂದರ ಮೇಲೆ ಜಗ್ಗಾಡುತ್ತದೆ, ಗಟ್ಟಿಯಾದ ನಾಲ್ಕು ಸಾಲು ಮರೆಗೆ ಸರಿಯುತ್ತವೆ. ಅದನ್ನು ಹೊಡೆದುಹಾಕುವುದೇ ಲೇಸು. ಇನ್ನೊಂದು ವಿಷಯ: ಈ ಹಾಳೆ ಪ್ರಾಮಾಣಿಕವಾಗಿದ್ದರೆ ಎದುರಿನವನ ಪಾಲೂ ಅದರಲ್ಲಿ ಕಾಣುತ್ತದೆ. ನಕ್ಷೆಗೆ ಗಿರೀಶ ಎರಡು ತಿಂಗಳು ಕೂತಿದ್ದ ಎಂಬುದು ಸುಮಾಗೂ ಗೊತ್ತು. ಬರೆದಾದ ಮೇಲೆ ಅವಳಿಗೇ ಸ್ಪಷ್ಟವಾಯಿತು: ತಾನು ಲೇಖಕಿ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಈ ಪೇಪರಿನ ಮೊದಲ ಹೆಸರು ತನ್ನದೇ ಎಂದು ಹಟ ಹಿಡಿಯುವಷ್ಟು ಆಧಾರವಿಲ್ಲ. ಏನು ಕೇಳಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು. ಲೇಖಕರ ಪಟ್ಟಿಯಲ್ಲಿ ಎರಡನೇ ಹೆಸರು, ಯಾರ ಪಾಲೇನು ಎಂಬ ವಿವರಣೆ, ಕಳಿಸಿದ ಪ್ರತಿಯನ್ನು ಓದಿ ತಿದ್ದುವ ಅವಕಾಶ.

ಬುಧವಾರ ಬೆಳಗ್ಗೆ ಅವಳು ಗಿರೀಶನಿಗೆ ಸಂದೇಶ ಕಳಿಸಿದಳು. "ಗಿರೀಶ್, ಪಾವಗಡದ ಪೇಪರ್ ಬಗ್ಗೆ ಮಾತಾಡೋದಿದೆ. ಸಂಜೆ ನಾಲ್ಕಕ್ಕೆ ಬಿಡುವಿದ್ಯಾ? ಅರ್ಧ ಗಂಟೆ ಸಾಕು." ವಿಷಯ ಯಾವುದೆಂದು ಮೊದಲೇ ಹೇಳಿದ್ದು ಸರಿ. ಬರೀ "ಸ್ವಲ್ಪ ಮಾತಾಡ್ಬೇಕು" ಎಂದರೆ ಕೇಳಿದವರಿಗೆ ದಿನವಿಡೀ ಆತಂಕ, ಬರುವಾಗಲೇ ಜಗಳಕ್ಕೆ ಸಿದ್ಧರಾಗಿ ಬರುತ್ತಾರೆ. ಜಾಗವೂ ಮುಖ್ಯ. ಕ್ಯಾಂಟೀನಿನಲ್ಲಿ ಮೂರನೆಯವರು ಬಂದು ಕುರ್ಚಿ ಎಳೆದು ಕೂರುತ್ತಾರೆ. ಖಾಲಿಯಿರುವ ತರಗತಿಯೋ ಗ್ರಂಥಾಲಯದ ಹಿಂದಿನ ಕಟ್ಟೆಯೋ ಆಗಬಹುದು.

ಮೊದಲ ಮಾತನ್ನು ಮನೆಯಲ್ಲೇ ಕೂತು ಬರೆದು, ನಾಲ್ಕೈದು ಸಲ ಬಾಯಲ್ಲಿ ಆಡಿ ನೋಡಿಕೊಳ್ಳುವುದು ಒಳ್ಳೆಯದು. ದನಿ ನಡುಗುವುದು ಅಲ್ಲೇ. ಸುಮಾ ಆಡಿದ್ದು ಇಷ್ಟು:

"ಕಳಿಸಿರೋ ಪೇಪರಲ್ಲಿ ಲೇಖಕರ ಜಾಗದಲ್ಲಿ ನನ್ನ ಹೆಸರಿಲ್ಲ, ಧನ್ಯವಾದದಲ್ಲಿದೆ. 120 ಸ್ಯಾಂಪಲ್ ತಂದದ್ದು, ಫ್ಲೋರೈಡ್ ಅಳೆದದ್ದು, ವಿಧಾನದ ಭಾಗ ಬರೆದದ್ದು ನಾನು. ನಕ್ಷೆ, ವಿಶ್ಲೇಷಣೆ ನಿಂದು, ಅದರಲ್ಲಿ ಎರಡು ಮಾತಿಲ್ಲ. ನನ್ನ ಹೆಸರು ಲೇಖಕರ ಪಟ್ಟಿಗೆ ಬರಬೇಕು. ಪೇಪರ್ ಇನ್ನೂ ವಿಮರ್ಶೆಯಲ್ಲಿದೆ, ಈಗಲೇ ಮಾಡಬಹುದು."

ಇದರಲ್ಲಿ ಗಮನಿಸಬೇಕಾದ್ದು, "ನೀನು ನನ್ನ ಹೆಸರು ತೆಗೆದೆ" ಎಂದು ಅವಳು ಹೇಳಲಿಲ್ಲ, "ನನ್ನ ಹೆಸರಿಲ್ಲ" ಎಂದಳು. ಕಣ್ಣಿಗೆ ಕಾಣುವುದನ್ನಷ್ಟೇ ಹೇಳಿದ್ದರಿಂದ ಅಲ್ಲಗಳೆಯಲು ಏನೂ ಇರಲಿಲ್ಲ. ಹಾಗೆಂದು ಮಾತು ಮೆತ್ತಗಾಗಲಿಲ್ಲ. "ಸೇರಿಸಿದ್ರೆ ಚೆನ್ನಾಗಿತ್ತು", "ತಪ್ಪು ತಿಳ್ಕೋಬೇಡ, ಆದ್ರೆ..." ಎಂಬಂಥ ಮಾತು ಒಂದೂ ಇಲ್ಲ. ನಮ್ಮಲ್ಲಿ ಸೌಜನ್ಯವೆಂದರೆ ಕೇಳಬೇಕಾದ್ದನ್ನು ಅರ್ಧ ನುಂಗಿಕೊಂಡು ಕೇಳುವುದು ಎಂಬ ಅಭ್ಯಾಸವಿದೆ. ಅರ್ಧ ಕೇಳಿದವರಿಗೆ ಸಿಗುವುದು ಅರ್ಧ ಭರವಸೆ ಮಾತ್ರ. "ಬರಬೇಕು" ಎಂದು ಹೇಳಿ ಅವಳು ಸುಮ್ಮನಾದಳು. ಆ ಮೌನವನ್ನು ತುಂಬುವ ಕೆಲಸ ಗಿರೀಶನದು.

ಅವನು ಮೊದಲು ಹೇಳಿದ್ದು: "ಸ್ಯಾಂಪಲ್ ತರೋದು ಫೀಲ್ಡ್ ಕೆಲಸ ಅಲ್ವಾ ಸುಮಾ, ಅದಕ್ಕೇ ಧನ್ಯವಾದ ಹೇಳಿದೀನಲ್ಲ."

"ತಂದುಕೊಟ್ಟದ್ದಷ್ಟೇ ಆಗಿದ್ರೆ ನಾನೂ ಒಪ್ತಿದ್ದೆ. ಯಾವ ಬೋರ್‌ವೆಲ್ ಅಂತ ಆರಿಸಿದ್ದು, ಅಳೆದದ್ದು, ಬರೆದದ್ದೂ ಇದೆ. ವಿಧಾನದ ಮೂರು ಪ್ಯಾರಾ ಪೇಪರಲ್ಲಿ ಹಾಗೇ ಇವೆ, ನೋಡು" ಎಂದು ಅವಳು ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಮಾತು ಹಾಳೆಯ ಮೇಲೆ ನಿಂತರೆ ಇಬ್ಬರೂ ಒಂದೇ ಕಡೆ ನೋಡುತ್ತಾರೆ, ಅದು ಎದುರುಬದುರು ನೋಡುವುದಕ್ಕಿಂತ ಹಗುರ.

"ನೀನಾಗ ಊರಿಗೆ ಹೋಗಿದ್ದೆ. ಡೆಡ್‌ಲೈನ್ ಬಂದಿತ್ತು, ಕೊನೆಯ ಡ್ರಾಫ್ಟ್ ನೀನು ನೋಡಲೇ ಇಲ್ವಲ್ಲ."

"ನನಗೆ ಕಳಿಸಿದ್ರೆ ನೋಡ್ತಿದ್ದೆ. ನೋಡೋಕೆ ಕೊಡದೆ ಇದ್ದದ್ದು ಹೆಸರು ಬಿಡೋಕೆ ಕಾರಣ ಆಗಲ್ಲ ಅಂತ ನಿಯಮದಲ್ಲೇ ಇದೆ. ಈಗ ಕೊಡು, ಭಾನುವಾರದೊಳಗೆ ಓದಿ ತಿದ್ದಿ ಕೊಡ್ತೀನಿ."

ಗಿರೀಶನ ಮುಖ ಕೆಂಪಾಯಿತು. "ಹಾಗಾದ್ರೆ ನಾನು ಕದ್ದೆ ಅಂತೀಯಾ?"

ಇಂಥ ಮಾತುಕತೆಗಳೆಲ್ಲ ಎಡವುವ ಜಾಗವಿದು. ಹೌದು ಎಂದರೆ ಜಗಳ. "ಅಯ್ಯೋ ಇಲ್ಲಪ್ಪ, ಹಾಗಲ್ಲ, ಬಿಡು" ಎಂದರೆ ಕೇಳಿದ್ದನ್ನೇ ಬಿಟ್ಟುಕೊಟ್ಟಂತೆ. ಸುಮಾ ಹೇಳಿದ್ದು: "ಇಲ್ಲ. ಪಟ್ಟಿ ತಪ್ಪಾಗಿದೆ ಅಂತೀನಿ. ಅದನ್ನ ಸರಿಮಾಡೋದು ಹೇಗೆ ಅಂತ ಮಾತಾಡೋಣ."

ಆಮೇಲೆ ಬಂದದ್ದು ಎಲ್ಲಕ್ಕಿಂತ ಮೋಸಹೋಗುವಂಥ ಮಾತು, ಏಕೆಂದರೆ ಕೇಳಲು ಸಿಹಿಯಾಗಿದೆ. "ಇದು ಹೋಗಿಬಿಟ್ಟಿದೆ ಮಾರಾಯ್ತಿ. ಮುಂದಿನ ಪೇಪರಲ್ಲಿ ನಿನ್ನ ಹೆಸರೇ ಮೊದಲು ಹಾಕೋಣ." ಬರೆಯದ ಪೇಪರಿನ ಮೊದಲ ಹೆಸರಿಗೆ ಬೆಲೆಯಿಲ್ಲ. ಅದು ಅಚ್ಚಾಗದೇ ಹೋಗಬಹುದು, ಅಷ್ಟರಲ್ಲಿ ಇದು ಅಚ್ಚಾಗಿರುತ್ತದೆ. ಸುಮಾ ಅದನ್ನು ತಳ್ಳಿಹಾಕಲಿಲ್ಲ, ಬೇರೆ ಮಾಡಿದಳು. "ಮುಂದಿನದರ ಮಾತು ಖಂಡಿತ ಆಡೋಣ. ಇದರ ಪಟ್ಟಿಯನ್ನ ಇದರಲ್ಲೇ ಸರಿಮಾಡೋಣ."

ಕಡೆಗೆ ಅವನೆಂದ: "ಸರ್ ಪಟ್ಟಿ ನೋಡಿ ಓಕೆ ಅಂದಿದಾರೆ. ನಾನೊಬ್ಬನೇ ಬದಲಾಯಿಸೋಕಾಗಲ್ಲ." ಇದು ನಿಜವೂ ಹೌದು. ಅದಕ್ಕೆ ಅವಳ ಉತ್ತರ: "ಇಬ್ಬರೂ ಒಟ್ಟಿಗೆ ಸರ್ ಹತ್ರ ಹೋಗೋಣ. ಶುಕ್ರವಾರ ಬೆಳಗ್ಗೆ ಆಗುತ್ತಾ?" ಅವನು ಆಗಲಿ ಎಂದ.

ಮಾತು ಮುಗಿದ ಅದೇ ಸಂಜೆ ಒಂದು ಮೇಲ್ ಹೋಗಬೇಕು. ಇದು ಬೆದರಿಕೆಯಲ್ಲ. ಮಾತಾಡಿದ್ದನ್ನು ಇಬ್ಬರೂ ಒಂದೇ ರೀತಿ ನೆನಪಿಟ್ಟುಕೊಳ್ಳಲಿ ಎಂದು.

"ಗಿರೀಶ್, ಇವತ್ತು ಕೂತು ಮಾತಾಡಿದ್ದಕ್ಕೆ ಥ್ಯಾಂಕ್ಸ್. ನಾವು ಮಾತಾಡಿದ್ದು: ಪಾವಗಡದ ಪೇಪರಿನ ಲೇಖಕರ ಪಟ್ಟಿಗೆ ನನ್ನ ಹೆಸರು ಸೇರಿಸುವ ವಿಷಯ, ಶುಕ್ರವಾರ ಬೆಳಗ್ಗೆ ಇಬ್ಬರೂ ಸರ್ ಅವರನ್ನು ಕಾಣುವುದು, ನೀನು ಕಳಿಸಿದ ಪ್ರತಿಯನ್ನು ನಾಳೆ ನನಗೆ ಕೊಡುವುದು, ನಾನು ಭಾನುವಾರದೊಳಗೆ ಓದಿ ಅಭಿಪ್ರಾಯ ಹೇಳುವುದು. ಯಾರು ಯಾವ ಕೆಲಸ ಮಾಡಿದ್ದೇವೆ ಎಂಬ ಹಾಳೆ ಲಗತ್ತಿಸಿದ್ದೇನೆ. ಏನಾದರೂ ತಪ್ಪಿದ್ದರೆ ತಿದ್ದು. ಸುಮಾ"

ಗೈಡ್‌ಗೆ ಪ್ರತಿ ಹಾಕಲಿಲ್ಲ. ಮೊದಲ ಮೇಲ್‌ಗೇ ಹಿರಿಯರನ್ನು ಸೇರಿಸಿದರೆ ಅದು ದೂರಾಗಿಬಿಡುತ್ತದೆ. ಉತ್ತರ ಬಾರದಿದ್ದರೆ, ಶುಕ್ರವಾರ ಅವನು ಬಾರದಿದ್ದರೆ, ಎರಡನೇ ಮೇಲ್ ಇಬ್ಬರಿಗೂ ಹೋಗುತ್ತದೆ.

ಗೈಡ್ ಬಳಿ ಹೋಗುವಾಗ ಒಂದು ಸಂಗತಿ ನೆನಪಿರಲಿ. ಅವರು ತೀರ್ಪುಗಾರರಷ್ಟೇ ಅಲ್ಲ, ಪಟ್ಟಿಗೆ ಒಪ್ಪಿದ ಲೇಖಕರೂ ಹೌದು. "ನೀವೇ ತಪ್ಪು ಮಾಡಿದಿರಿ" ಎಂಬ ಧಾಟಿಯಲ್ಲಿ ಶುರುವಾದರೆ ಅವರು ತಮ್ಮ ಒಪ್ಪಿಗೆಯನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. "ಸರ್, ಈ ಪೇಪರಿನ ಲೇಖಕರ ಪಟ್ಟಿ ಅಪೂರ್ಣವಾಗಿದೆ, ಈಗ ತಿದ್ದಿದರೆ ಸುಲಭ, ಅಚ್ಚಾದ ಮೇಲೆ ಪ್ರಶ್ನೆ ಬಂದರೆ ಮೂವರಿಗೂ ತೊಂದರೆ" ಎಂದರೆ ಅವರ ಹಿತವೂ ಅದರೊಳಗೆ ಬರುತ್ತದೆ. ಇದು ಜಾಣತನದ ಮಾತಲ್ಲ, ವಾಸ್ತವ. ಎಷ್ಟೋ ಗೈಡ್‌ಗಳು ಯಾರು ಎಷ್ಟು ಮಾಡಿದರೆಂದು ದಿನದಿನಕ್ಕೆ ತಿಳಿದಿರುವುದಿಲ್ಲ. ಕೊನೆಯಲ್ಲಿ ಯಾರು ಕರಡು ತಂದು ಮೇಜಿನ ಮೇಲಿಟ್ಟರೋ ಅವರದೇ ಪೇಪರ್ ಎಂದುಕೊಳ್ಳುತ್ತಾರೆ. ಸುಮಾಳ ಹಾಳೆಯನ್ನು ಓದಿದ ಗೈಡ್, ಎಲೆಕ್ಟ್ರೋಡಿನ ರಿಜಿಸ್ಟರ್ ತರಿಸಿ ನೋಡಿ, "ಮಾಪನ ಪೂರ್ತಿ ಇವಳದೇನಾ?" ಎಂದು ಗಿರೀಶನನ್ನು ಕೇಳಿದರು. ಅವನು ಹೌದೆಂದ.

ಜರ್ನಲ್‌ನ ಪಾತ್ರದ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆಯಿದೆ. ಸಂಪಾದಕರಿಗೆ ಬರೆದುಬಿಟ್ಟರೆ ಅವರು ವಿಚಾರಣೆ ಮಾಡಿ ನ್ಯಾಯ ಹೇಳುತ್ತಾರೆ ಎಂದುಕೊಳ್ಳುತ್ತಾರೆ. ಅವರು ಹಾಗೆ ಮಾಡುವುದಿಲ್ಲ. ಪ್ರಕಟಣೆಯ ನೀತಿ ನೋಡುವ ಕೋಪ್ ಎಂಬ ಸಂಸ್ಥೆ 1997ರಿಂದ ಇದೆ, ಸಂಪಾದಕರು ಇಂಥ ಸಂದರ್ಭದಲ್ಲಿ ಅದರ ಕ್ರಮವನ್ನು ಪಾಲಿಸುತ್ತಾರೆ. ಅಚ್ಚಿಗೆ ಮುಂಚೆ ಲೇಖಕರನ್ನು ಸೇರಿಸಬೇಕೆಂದರೆ ಕಾರಣ ಕೇಳುತ್ತಾರೆ, ಎಲ್ಲ ಲೇಖಕರ ಒಪ್ಪಿಗೆಯಿದೆಯೇ ನೋಡುತ್ತಾರೆ. ಇದ್ದರೆ ಸೇರಿಸುತ್ತಾರೆ. ಇಲ್ಲದಿದ್ದರೆ ಒಮ್ಮತ ಬರುವವರೆಗೆ ಪೇಪರನ್ನು ತಡೆಹಿಡಿಯುತ್ತಾರೆ, ಬೇಕಾದರೆ ನಿಮ್ಮ ಸಂಸ್ಥೆಗೆ ಒಪ್ಪಿಸುತ್ತಾರೆ. ಯಾವ ಬೋರ್‌ವೆಲ್‌ಗೆ ಯಾರು ಹೋದರು ಎಂದು ದೂರದ ದೇಶದ ಸಂಪಾದಕರಿಗೆ ತಿಳಿಯುವುದಾದರೂ ಹೇಗೆ? ಅಚ್ಚಾದ ಮೇಲೂ ಇದೇ ಕ್ರಮ, ಎಲ್ಲರೂ ಒಪ್ಪಿದರೆ ತಿದ್ದುಪಡಿ ಪ್ರಕಟವಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಹಳೆಯ ಪಟ್ಟಿಯಿರುವ ಪ್ರತಿ ಎಲ್ಲೆಡೆ ಹರಡಿರುತ್ತದೆ.

ಇದರ ಅರ್ಥವೆಂದರೆ, ಗಿರೀಶನ ಸಹಿ ಸುಮಾಗೆ ಬೇಕು. ಅವನನ್ನು ಸೋಲಿಸಿ ಪಡೆಯುವುದಕ್ಕಿಂತ ಒಪ್ಪಿಸಿ ಪಡೆಯುವ ಸಹಿ ಬೇಗ ಬರುತ್ತದೆ. ಮಾತುಕತೆಯಲ್ಲಿ ಅವಳು ಅಷ್ಟು ತಾಳ್ಮೆಯಿಂದ ಇದ್ದದ್ದಕ್ಕೆ ಒಳ್ಳೆಯತನದ ಜೊತೆಗೆ ಈ ಕಾರಣವೂ ಇದೆ. ಗೈಡ್ ಒಪ್ಪದಿದ್ದಿದ್ದರೂ ಸಂಪಾದಕರಿಗೆ ಬರೆಯುವ ಹಕ್ಕು ಅವಳಿಗಿತ್ತು. ಆಗ ಪೇಪರ್ ನಿಲ್ಲುತ್ತದೆ. ಅದು ದೊಡ್ಡ ಹೆಜ್ಜೆ, ಮನೆಯೊಳಗಿನ ಎರಡು ಬಾಗಿಲೂ ಮುಚ್ಚಿದ ಮೇಲೆ ಇಡುವಂಥದು.

ಸಂಸ್ಥೆಯೊಳಗೆ ಇನ್ನೊಂದು ದಾರಿಯಿದೆ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲೇ ಇನ್ನೊಂದು ನಿಯಮಾವಳಿ ತಂದಿತು. ಅದರಂತೆ ಪ್ರತಿ ವಿಭಾಗದಲ್ಲೂ ಮುಖ್ಯಸ್ಥರ ಅಧ್ಯಕ್ಷತೆಯಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ ಇರಬೇಕು, ಅದರ ಮೇಲೆ ಸಂಸ್ಥೆಯ ಮಟ್ಟದ ಸಮಿತಿ. ಲಿಖಿತ ದೂರು ಬಂದರೆ ವಿಭಾಗದ ಸಮಿತಿ 45 ದಿನದಲ್ಲಿ ವರದಿ ಕೊಡಬೇಕು, ಮೇಲಿನ ಸಮಿತಿಗೆ ಮತ್ತೆ 45 ದಿನ. ಇಲ್ಲಿ ಒಂದು ತೊಡಕಿದೆ. ಆ ನಿಯಮಾವಳಿ ಇನ್ನೊಬ್ಬರ ಕೆಲಸವನ್ನು ತನ್ನದೆನ್ನುವುದನ್ನು ಕೃತಿಚೌರ್ಯ ಎಂದೇ ಕರೆದರೂ, ದಂಡನೆಯ ಹಂತಗಳನ್ನು ನಿಗದಿಮಾಡಿರುವುದು ಪಠ್ಯ ಶೇಕಡಾ ಎಷ್ಟು ಹೋಲುತ್ತದೆ ಎಂಬುದರ ಮೇಲೆ. ಅಂಕಿಗಳ ಕೋಷ್ಟಕ ಯಾರದೆಂದು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಅಲ್ಲಿಗೆ ಹೋದರೂ ಕೈಹಿಡಿಯುವುದು ಅದೇ ಫೀಲ್ಡ್ ಪುಸ್ತಕ, ಅದೇ ರಿಜಿಸ್ಟರ್, ಅದೇ ಮೇಲ್.

ಈ ನಡುವೆ ಮಾಡಬಾರದ ಎರಡು ಕೆಲಸಗಳಿವೆ, ಎರಡೂ ಸಿಟ್ಟಿನಲ್ಲಿ ಸಹಜವಾಗಿ ತೋಚುವಂಥವು. ಒಂದು, ಹಂಚಿಕೊಂಡ ಕಡತದಿಂದ ತನ್ನ ದತ್ತಾಂಶವನ್ನು ಅಳಿಸುವುದು ಅಥವಾ ಕೊಡುವುದಿಲ್ಲವೆಂದು ಹೆದರಿಸುವುದು. ಸಂಸ್ಥೆಯ ಲ್ಯಾಬಿನಲ್ಲಿ, ಸಂಸ್ಥೆಯ ಯೋಜನೆಯಲ್ಲಿ ಹುಟ್ಟಿದ ಅಂಕಿಗಳು ಸಾಮಾನ್ಯವಾಗಿ ವಿದ್ಯಾರ್ಥಿಯ ಸ್ವಂತ ಆಸ್ತಿಯಲ್ಲ. ಅಳಿಸಿದ ಗಳಿಗೆಯಿಂದ ತಪ್ಪಿತಸ್ಥರು ನೀವೇ ಆಗುತ್ತೀರಿ. ತನಗೊಂದು ಪ್ರತಿ ಇಟ್ಟುಕೊಳ್ಳಬೇಕು, ಅಷ್ಟೇ. ಎರಡನೆಯದು, ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಹೇಳಿಕೊಳ್ಳುವುದು. ಸಮಾಧಾನಕ್ಕೆ ಒಬ್ಬ ಗೆಳತಿಯ ಬಳಿ ಹೇಳಿಕೊಂಡರೆ ತಪ್ಪಿಲ್ಲ. ಗುಂಪಿನಲ್ಲಿ ಹಾಕಿದರೆ ಗಿರೀಶನಿಗೆ ಹಿಂದೆ ಸರಿಯುವ ದಾರಿ ಮುಚ್ಚುತ್ತದೆ, ಆ ಸ್ಕ್ರೀನ್‌ಶಾಟ್ ಸಮಿತಿಯ ಮುಂದೆ ನಿಮ್ಮ ವಿರುದ್ಧದ ಕಾಗದವಾಗುತ್ತದೆ.

ಹೆಸರಿನ ಕ್ರಮದ ಮಾತು ಉಳಿದಿತ್ತು. ಇದಕ್ಕೆ ಎಲ್ಲ ಶಾಸ್ತ್ರಗಳಲ್ಲೂ ಒಂದೇ ರೂಢಿಯಿಲ್ಲ. ಗಣಿತದಲ್ಲಿ ಸಾಮಾನ್ಯವಾಗಿ ಅಕಾರಾದಿ ಕ್ರಮ, ಅಲ್ಲಿ ಈ ಜಗಳವೇ ಕಡಿಮೆ. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಹೆಚ್ಚು ಕೆಲಸ ಮಾಡಿದವರು ಮೊದಲು, ಗೈಡ್ ಹೆಚ್ಚಾಗಿ ಕೊನೆಗೆ. ಇಬ್ಬರದೂ ಸಮಸಮ ಎಂದಾದರೆ ಮೊದಲೆರಡು ಹೆಸರಿಗೆ ನಕ್ಷತ್ರದ ಗುರುತು ಹಾಕಿ "ಸಮಾನ ಕೊಡುಗೆ" ಎಂದು ಅಡಿಟಿಪ್ಪಣಿ ಕೊಡಲು ಎಷ್ಟೋ ಜರ್ನಲ್‌ಗಳು ಬಿಡುತ್ತವೆ. ಗೈಡ್ ಅದನ್ನೇ ಸೂಚಿಸಿದರು, ಗಿರೀಶ ಒಪ್ಪಲಿಲ್ಲ. ಬರವಣಿಗೆ, ವಿಶ್ಲೇಷಣೆ ಎರಡೂ ತನ್ನದೆಂದ. ಸುಮಾ ಅಲ್ಲಿ ಪಟ್ಟು ಹಿಡಿಯಲಿಲ್ಲ. ಅವಳ ಹಾಳೆಯೇ ಅಷ್ಟು ಹೇಳುತ್ತಿರಲಿಲ್ಲ. ಅದರ ಬದಲು ಬೇರೊಂದನ್ನು ಕೇಳಿದಳು: ಈ ಪೇಪರ್ ನಕ್ಷೆಯ ಬಗ್ಗೆ, ಏಪ್ರಿಲ್ ಮತ್ತು ನವೆಂಬರ್ ನಡುವೆ ಯಾವ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಎಷ್ಟು ಏರಿಳಿಯಿತು ಎಂಬುದನ್ನು ಇದರಲ್ಲಿ ಮುಟ್ಟಿಲ್ಲ, ಆ ಪೇಪರನ್ನು ನಾನು ಬರೆಯುತ್ತೇನೆ, ಮೊದಲ ಹೆಸರು ನನ್ನದು, ಗಿರೀಶನದು ಎರಡನೆಯದು. ಲೀಟರಿಗೆ 1.5 ಮಿಲಿಗ್ರಾಂ ಎಂಬ ಭಾರತೀಯ ಮಾನಕದ ಗರಿಷ್ಠ ಮಿತಿಯನ್ನು ಒಂದು ಋತುವಿನಲ್ಲಿ ದಾಟಿ ಇನ್ನೊಂದರಲ್ಲಿ ದಾಟದ ಊರುಗಳಿದ್ದವು. ಕುಡಿಯುವ ನೀರಿನ ದೃಷ್ಟಿಯಿಂದ ಅದೇ ಹೆಚ್ಚು ಮುಖ್ಯವಾದ ಪ್ರಶ್ನೆಯಾಗಿತ್ತು.

ಭಾನುವಾರ ರಾತ್ರಿ ಸುಮಾ ಕರಡನ್ನು ಓದಿ ತಿದ್ದಿ ಕಳಿಸಿದಳು. ಕೋಷ್ಟಕದಲ್ಲಿ ಎರಡು ಊರುಗಳ ಅಂಕಿ ಅದಲುಬದಲಾಗಿತ್ತು, ಅದನ್ನು ಹಿಡಿದವಳು ಅವಳೇ. ಅಲ್ಲಿಗೆ ಹೋಗಿದ್ದವರಿಗೆ ಮಾತ್ರ ಕಾಣುವ ತಪ್ಪದು. ಸೋಮವಾರ ಗಿರೀಶ ಸಂಪಾದಕರಿಗೆ ಬರೆದ. ಕ್ಷೇತ್ರಕಾರ್ಯ, ಮಾಪನ ಮತ್ತು ವಿಧಾನದ ಭಾಗ ಬರೆದ ಲೇಖಕಿಯ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಎರಡನೇ ಲೇಖಕಿಯಾಗಿ ಸೇರಿಸಬೇಕು, ಧನ್ಯವಾದದಿಂದ ಆ ಸಾಲು ತೆಗೆಯಬೇಕು, ಕೋಷ್ಟಕದ ತಿದ್ದುಪಡಿ ಲಗತ್ತಿಸಿದೆ, ಮೂವರ ಒಪ್ಪಿಗೆಯೂ ಇದೆ. ಕೆಲವು ದಿನದ ನಂತರ ಜರ್ನಲ್‌ನಿಂದ ಲೇಖಕರ ಬದಲಾವಣೆಯ ನಮೂನೆ ಬಂತು. ಮೂವರೂ ಸಹಿ ಹಾಕಿದರು. ಎರಡನೇ ಪೇಪರಿನ ಕೆಲಸ ಶುರುವಾದ ದಿನ ಗೈಡ್ ಒಂದು ಹಾಳೆಯಲ್ಲಿ ಯಾರ ಪಾಲೇನು, ಹೆಸರಿನ ಕ್ರಮವೇನು ಎಂದು ಬರೆಸಿ, ಕೆಲಸದ ಪಾಲು ಬದಲಾದರೆ ಕರಡು ಮುಗಿಯುವ ಮುಂಚೆ ಮತ್ತೆ ಕೂತು ನೋಡುವುದೆಂದು ಸೇರಿಸಿ, ರಿಜಿಸ್ಟರಿಗೆ ಅಂಟಿಸಿದರು.